ಕರೆನ್ಸಿ ಕೋಡಿನಿಂದ ದೇಶ ಸಿಗದಿದ್ದಾಗ: ರಸೀದಿಯಿಂದ ಲೆಡ್ಜರ್‌ವರೆಗಿನ ತಪಾಸಣೆ

ಗೋವೆಯ ಒಂದು ಗೇರುಬೀಜದ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ಸ್ಥಳೀಯ ಬೆಳೆ ನಮ್ಮ ಯಂತ್ರಗಳಿಗೆ ವರ್ಷವಿಡೀ ಸಾಲುವುದಿಲ್ಲವಾದ್ದರಿಂದ ಕಚ್ಚಾ ಬೀಜ ಆಫ್ರಿಕಾದಿಂದ ಬರುತ್ತದೆ, ಸುಲಿದ ತಿರುಳು ಕೊಲ್ಲಿ ರಾಷ್ಟ್ರಗಳಿಗೂ ಯುರೋಪಿಗೂ ಹೋಗುತ್ತದೆ. ಹೀಗಾಗಿ ನಮ್ಮ ಮೇಜಿನ ಮೇಲೆ ಬೀಳುವ ಇನ್‌ವಾಯ್ಸ್, ಬ್ಯಾಂಕಿನ ರವಾನೆ ಚೀಟಿ ಮತ್ತು ಪ್ರವಾಸದ ರಸೀದಿಗಳಲ್ಲಿ ಹತ್ತಾರು ಬಗೆಯ ಮೂರಕ್ಷರದ ಕರೆನ್ಸಿ ಕೋಡ್‌ಗಳಿರುತ್ತವೆ. ಪ್ರತಿಯೊಂದರ ಎದುರಿಗೂ ದೇಶದ ಹೆಸರು ಬರೆಯಬೇಕು, ಮತ್ತು ತಪ್ಪುಗಳೆಲ್ಲ ಹುಟ್ಟುವುದು ಆ ಒಂದು ಅಂಕಣದಲ್ಲೇ.

ನಿಯಮ ಸರಳವಾಗಿದೆ. ಕರೆನ್ಸಿ ಕೋಡ್‌ಗಳನ್ನು ಗೊತ್ತುಪಡಿಸುವ ಅಂತರರಾಷ್ಟ್ರೀಯ ಮಾನಕ ISO 4217. ಅದರ ಮೊದಲ ಎರಡು ಅಕ್ಷರಗಳು ಸಾಮಾನ್ಯವಾಗಿ ISO 3166 ಎಂಬ ಇನ್ನೊಂದು ಮಾನಕದಲ್ಲಿರುವ ದೇಶದ ಎರಡಕ್ಷರದ ಕೋಡ್ ಆಗಿರುತ್ತವೆ, ಮೂರನೆಯದು ಹೆಚ್ಚಾಗಿ ನಾಣ್ಯದ ಹೆಸರಿನ ಮೊದಲಕ್ಷರ. INR ಎಂದರೆ IN ಭಾರತ, R ರೂಪಾಯಿ. LKR ಎಂದರೆ LK ಶ್ರೀಲಂಕಾ, R ಅಲ್ಲಿನ ರೂಪಾಯಿ. TZS ಎಂದರೆ TZ ತಾಂಜಾನಿಯಾ, S ಶಿಲ್ಲಿಂಗ್. ನಮ್ಮ ಕಚೇರಿಗೆ ಬರುವ ಬಹುಪಾಲು ಚೀಟಿಗಳು ಇಷ್ಟಕ್ಕೇ ಇತ್ಯರ್ಥವಾಗುತ್ತವೆ. ಉಳಿದವುಗಳಿಗಾಗಿ ಈ ಬರಹ. ಕಣ್ಣಿಗೆ ಬೀಳುವ ಲಕ್ಷಣವನ್ನು ಹಿಡಿದು, ಖರ್ಚಿಲ್ಲದ ಪರೀಕ್ಷೆಯಿಂದ ಆರಂಭಿಸಿ, ಬ್ಯಾಂಕಿಗೆ ಫೋನ್ ಮಾಡಲೇಬೇಕಾದ ಹಂತದವರೆಗೆ ಹೋಗೋಣ.

ಲಕ್ಷಣ: ಮೊದಲ ಎರಡು ಅಕ್ಷರ ಓದಿದರೂ ಯಾವ ದೇಶದ ಹೆಸರೂ ಹೊಳೆಯುತ್ತಿಲ್ಲ

ಇದು ತೀರ ಸೌಮ್ಯವಾದ ತೊಂದರೆ. ಇಲ್ಲಿ ಕೋಡ್ ಸರಿಯಾಗಿಯೇ ಇರುತ್ತದೆ. ನಾವು ಇಂಗ್ಲಿಷ್ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಕುತ್ತಿರುವುದರಿಂದ ಸಿಗುವುದಿಲ್ಲ. ದೇಶದ ಎರಡಕ್ಷರವನ್ನು ಅಲ್ಲಿಯವರು ತಮ್ಮ ನಾಡನ್ನು ಕರೆದುಕೊಳ್ಳುವ ಹೆಸರಿನಿಂದಲೂ ಆರಿಸಿರುವುದುಂಟು. CHF ಸ್ವಿಟ್ಜರ್ಲೆಂಡಿನ ಫ್ರಾಂಕ್. ಅಲ್ಲಿನ CH ಬಂದಿರುವುದು ಕನ್ಫೆಡರೇಶಿಯೋ ಹೆಲ್ವೆಟಿಕಾ ಎಂಬ ಲ್ಯಾಟಿನ್ ಹೆಸರಿನಿಂದ. ನಾಲ್ಕು ಅಧಿಕೃತ ಭಾಷೆಗಳಿರುವ ದೇಶ ಯಾವೊಂದರ ಪಕ್ಷವನ್ನೂ ವಹಿಸದೆ ಲ್ಯಾಟಿನ್ನಿಗೆ ಹೋದದ್ದು ಜಾಣತನವೇ ಸರಿ, ಆದರೆ ಅದರಿಂದ ನಮ್ಮಂಥವರಿಗೆ ಚೀನಾ, ಚಿಲಿ, ಚಾಡ್ ಎಲ್ಲವೂ ನೆನಪಾಗುತ್ತವೆ. DZD ಅಲ್ಜೀರಿಯಾದ ದಿನಾರ್, KHR ಕಾಂಬೋಡಿಯಾದ ರಿಯೆಲ್. ಎರಡನೆಯದರಲ್ಲಿ ಖ್ಮೇರ್ ಜನರ ಹೆಸರು ಅಡಗಿದೆ.

ಪರೀಕ್ಷೆ ಸುಲಭ. ಎರಡಕ್ಷರದ ದೇಶ ಕೋಡ್‌ಗಳೇ ಬಹುಮಟ್ಟಿಗೆ ಜಾಲತಾಣಗಳ ವಿಳಾಸದ ಕೊನೆಯಲ್ಲೂ ಬರುತ್ತವೆ. ಸ್ವಿಸ್ ತಾಣಗಳು .ch ಎಂದೂ ಅಲ್ಜೀರಿಯಾದ ತಾಣಗಳು .dz ಎಂದೂ ಮುಗಿಯುತ್ತವೆ. ಇನ್‌ವಾಯ್ಸ್‌ನ ತಲೆಬರಹದಲ್ಲಿರುವ ಇಮೇಲ್ ವಿಳಾಸ ನೋಡಿದರೆ ಎಷ್ಟೋ ಸಲ ಉತ್ತರ ಅಲ್ಲೇ ಇರುತ್ತದೆ. ಈ ಪರೀಕ್ಷೆಗೂ ಒಂದು ಅಪವಾದವಿದೆ: ಬ್ರಿಟನ್ನಿನ ತಾಣಗಳು .uk ಎಂದು ಮುಗಿದರೂ ಮಾನಕದಲ್ಲಿ ಆ ದೇಶದ ಕೋಡ್ GB, ಆದ್ದರಿಂದ ಪೌಂಡ್ GBP ಆಗಿದೆ. UKP ಎಂದು ಬರೆದ ಚೀಟಿ ಬಂದರೆ, ಬರೆದವರು ಅಂದಾಜಿನ ಮೇಲೆ ಬರೆದಿದ್ದಾರೆಂದು ತಿಳಿದು ಉಳಿದ ವಿವರಗಳನ್ನೂ ಅದೇ ಸಂಶಯದಿಂದ ನೋಡಬೇಕು.

ಲಕ್ಷಣ: ದೇಶ ತಟ್ಟನೆ ಹೊಳೆಯಿತು, ಆದರೆ ಮೊತ್ತ ಒಪ್ಪುತ್ತಿಲ್ಲ

ಮೊದಲಿನದಕ್ಕಿಂತ ಇದು ಅಪಾಯಕಾರಿ, ಏಕೆಂದರೆ ಇಲ್ಲಿ ಯಾರಿಗೂ ಅನುಮಾನವೇ ಬರುವುದಿಲ್ಲ. ಮೂರೂ ಅಕ್ಷರಗಳನ್ನು ಇಂಗ್ಲಿಷ್ ಪದಗಳ ಮೊದಲಕ್ಷರಗಳೆಂದು ಓದುವ ಅಭ್ಯಾಸವೇ ಇದರ ಕಾರಣ. ಒಮ್ಮೆ ನಮ್ಮಲ್ಲಿ ಹಳೆಯ ಮಾದರಿಯ ಬ್ಯಾಂಕ್ ಸಂದೇಶವೊಂದರಲ್ಲಿ ಇಂಥ ಸಾಲು ಬಂದಿತ್ತು:

```
:32A:240315SAR18750,00
```

ಮೊದಲ ಆರು ಅಂಕಿಗಳು ದಿನಾಂಕ, ಅಂದರೆ 2024ರ ಮಾರ್ಚ್ 15. ಆಮೇಲೆ ಕರೆನ್ಸಿ, ಆಮೇಲೆ ಮೊತ್ತ. ದಶಾಂಶಕ್ಕೆ ಇಲ್ಲಿ ಚುಕ್ಕೆಯ ಬದಲು ಅಲ್ಪವಿರಾಮ. SAR ಎಂಬುದನ್ನು ನೋಡಿದ ನಮ್ಮವರೊಬ್ಬರು ‘ಸೌತ್ ಆಫ್ರಿಕನ್ ರ‍್ಯಾಂಡ್’ ಎಂದು ನಿಸ್ಸಂಕೋಚವಾಗಿ ಬರೆದಿದ್ದರು. ಓದಲು ಎಷ್ಟು ಚೆನ್ನಾಗಿ ಹೊಂದುತ್ತದೆಂದರೆ ಅವರನ್ನು ದೂರುವಂತಿಲ್ಲ. ಆದರೆ ಕೋಡನ್ನು ಮೂರು ಪದಗಳಾಗಿ ಅಲ್ಲ, ಎರಡು ಮತ್ತು ಒಂದು ಎಂದು ಒಡೆದು ಓದಬೇಕು. SA ಸೌದಿ ಅರೇಬಿಯಾದ ಕೋಡ್, R ರಿಯಾಲ್. ದಕ್ಷಿಣ ಆಫ್ರಿಕಾದ ಕೋಡ್ ZA, ಅದು ‘ಜ಼ೌಡ್ ಆಫ್ರಿಕಾ’ ಎಂಬ ಡಚ್ ಹೆಸರಿನಿಂದ ಬಂದದ್ದು. ಅಲ್ಲಿನ ರ‍್ಯಾಂಡ್ ZAR.

ಇಲ್ಲಿ ತಪ್ಪನ್ನು ಹಿಡಿದುಕೊಟ್ಟದ್ದು ಮೊತ್ತ. ಸೌದಿ ರಿಯಾಲನ್ನು 1 ಡಾಲರಿಗೆ 3.75ರಂತೆ ಕಟ್ಟಿಹಾಕಲಾಗಿದೆ, ಆದ್ದರಿಂದ 18,750 ರಿಯಾಲ್ ಎಂದರೆ ಕರಾರುವಾಕ್ಕಾಗಿ 5,000 ಡಾಲರ್. ನಮ್ಮ ಇನ್‌ವಾಯ್ಸ್ ಕೂಡ 5,000 ಡಾಲರಿನದೇ ಆಗಿತ್ತು. ರ‍್ಯಾಂಡ್ ಎಂದು ಹಿಡಿದು ಡಾಲರಿಗೆ 18ರಂತೆ ಲೆಕ್ಕ ಹಾಕಿದರೆ ಅದೇ ಮೊತ್ತ 1,042 ಡಾಲರಿನ ಆಸುಪಾಸಿಗೆ ಇಳಿಯುತ್ತದೆ. ಐದರಲ್ಲಿ ನಾಲ್ಕು ಭಾಗ ಹಣ ಬಾಕಿಯಿದೆ ಎಂದು ಗಿರಾಕಿಗೆ ಪತ್ರ ಹೋಗುವ ಮೊದಲು ಅದು ಸಿಕ್ಕಿತು. ದೇಶ ಸರಿಯೆನಿಸಿದರೂ ಮೊತ್ತವನ್ನು ಡಾಲರಿಗೋ ರೂಪಾಯಿಗೋ ತಿರುಗಿಸಿ ನೋಡುವುದನ್ನು ಅಂದಿನಿಂದ ನಾನು ಬಿಟ್ಟಿಲ್ಲ. ಅರ್ಧ ನಿಮಿಷದ ಕೆಲಸ.

ಇದೇ ಜಾತಿಯ ಇನ್ನೆರಡನ್ನು ಹೇಳಿದರೆ ಸಾಕು. UAH ಎಂಬುದನ್ನು ಯುಎಇ ಎಂದು ಓದುವವರಿದ್ದಾರೆ. ಅದು ಉಕ್ರೇನಿನ ಹ್ರಿವ್ನಿಯಾ. ದುಬೈ, ಅಬುಧಾಬಿಯ ದಿರ್ಹಂ AED. IDR ಕಂಡಾಗ ‘ಇಂಡಿಯನ್ ರುಪೀ’ ಎಂದುಕೊಂಡರೆ ಪೆಟ್ಟು ಇನ್ನೂ ದೊಡ್ಡದು. ID ಇಂಡೋನೇಷ್ಯಾ, ಅಲ್ಲಿನ ರುಪಿಯಾದಲ್ಲಿ ಸಾಧಾರಣ ಊಟದ ಬಿಲ್ಲೂ ಹತ್ತಾರು ಸಾವಿರದಲ್ಲಿರುತ್ತದೆ. ಹೋಟೆಲ್ ಬಿಲ್ಲಿನ ಮೊತ್ತ ಲಕ್ಷಗಳಲ್ಲಿದ್ದರೆ ಪ್ರವಾಸ ಹೋದವರನ್ನು ಸಂಶಯಿಸುವ ಮೊದಲು ಕೋಡಿನ ಎರಡನೆಯ ಅಕ್ಷರವನ್ನು ಮತ್ತೊಮ್ಮೆ ನೋಡುವುದು ಒಳ್ಳೆಯದು.

ಲಕ್ಷಣ: ಕೋಡ್ X ಅಕ್ಷರದಿಂದ ಆರಂಭವಾಗುತ್ತದೆ

X ಕಂಡ ಕೂಡಲೇ ದೇಶ ಹುಡುಕುವುದನ್ನು ನಿಲ್ಲಿಸಬೇಕು. ದೇಶಗಳ ಮಾನಕದಲ್ಲಿ XAಯಿಂದ XZವರೆಗಿನ ಜೋಡಿಗಳನ್ನು ಯಾವ ದೇಶಕ್ಕೂ ಕೊಡದೆ ಬಳಕೆದಾರರ ಸ್ವಂತ ಉಪಯೋಗಕ್ಕೆ ಬಿಟ್ಟಿದ್ದಾರೆ. ಒಂದೇ ದೇಶಕ್ಕೆ ಸೇರದ ಹಣಕ್ಕೆ ಕರೆನ್ಸಿ ಮಾನಕ ಆ ಅಕ್ಷರವನ್ನೇ ಬಳಸಿಕೊಂಡಿದೆ. ಹೀಗಾಗಿ ಇಲ್ಲಿ ಮೊದಲ ಎರಡು ಅಕ್ಷರಗಳನ್ನು ದೇಶವೆಂದು ಓದುವುದೇ ಮೂಲ ದೋಷ. X ಒಂದನ್ನು ಬದಿಗಿಟ್ಟು ಉಳಿದ ಎರಡನ್ನು ಓದಬೇಕು. XAU ಎಂದರೆ ಚಿನ್ನ, ಏಕೆಂದರೆ Au ಚಿನ್ನದ ರಾಸಾಯನಿಕ ಸಂಕೇತ, XAG ಬೆಳ್ಳಿ. XDR ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನ. XTS ಪರೀಕ್ಷೆಗಾಗಿ ಕಾದಿರಿಸಿದ ಕೋಡ್. ಅದು ನಿಜವಾದ ಪಾವತಿಯಲ್ಲಿ ಕಂಡುಬಂದರೆ ಯಾರೋ ಪರೀಕ್ಷೆಯ ಕಡತವನ್ನೇ ಕಳಿಸಿದ್ದಾರೆಂದು ಅರ್ಥ, ಅದನ್ನು ಲೆಡ್ಜರಿಗೆ ಏರಿಸಬಾರದು.

ಗೇರುಬೀಜದ ವ್ಯಾಪಾರದಲ್ಲಿ ನಮಗೆ ಪದೇ ಪದೇ ಎದುರಾಗುವುದು XOF, ಅಂದರೆ ಪಶ್ಚಿಮ ಆಫ್ರಿಕಾದ ಸಿಎಫ್‌ಎ ಫ್ರಾಂಕ್. ಬೆನಿನ್, ಬುರ್ಕಿನಾ ಫಾಸೊ, ಐವರಿ ಕೋಸ್ಟ್, ಗಿನಿ-ಬಿಸ್ಸಾವ್, ಮಾಲಿ, ನೈಜರ್, ಸೆನೆಗಲ್, ಟೋಗೊ ಎಂಬ ಎಂಟು ದೇಶಗಳಿಗೆ ಅದೊಂದೇ ಹಣ. ಇದರ ಜೋಡಿ XAF, ಮಧ್ಯ ಆಫ್ರಿಕಾದ ಸಿಎಫ್‌ಎ ಫ್ರಾಂಕ್. ಕ್ಯಾಮರೂನ್, ಗಬಾನ್, ಚಾಡ್ ಮೊದಲಾದ ಆರು ದೇಶಗಳದ್ದು. ಕೋಡಿನಿಂದ ಇಷ್ಟೇ ತಿಳಿಯಬಹುದು. ಎಂಟರಲ್ಲಿ ಯಾವುದು ಎಂಬುದನ್ನು ಕೋಡ್ ಎಂದಿಗೂ ಹೇಳುವುದಿಲ್ಲ, ಅದಕ್ಕೆ ಚೀಟಿಯ ಬೇರೆ ಗುರುತುಗಳನ್ನೇ ಹಿಡಿಯಬೇಕು.

ಲಕ್ಷಣ: ಎಕ್ಸೆಲ್ ದೇಶದ ಹೆಸರು ಕೊಟ್ಟಿದೆ, ಆದರೆ ನಮ್ಮವರು ಆ ದೇಶಕ್ಕೆ ಹೋಗಿಯೇ ಇಲ್ಲ

ಕಚ್ಚಾ ಬೀಜದ ಗುಣಮಟ್ಟ ನೋಡಲು ನಮ್ಮ ಖರೀದಿ ವಿಭಾಗದವರು ಪ್ರತಿ ವರ್ಷ ಪಶ್ಚಿಮ ಆಫ್ರಿಕಾಕ್ಕೆ ಹೋಗಿ ಮೂರು ನಾಲ್ಕು ದೇಶ ಸುತ್ತಿಕೊಂಡು ಬರುತ್ತಾರೆ. ಹಿಂತಿರುಗುವಾಗ ಒಂದು ಕವರಿನ ತುಂಬ ರಸೀದಿಗಳು. ಬೆವರಿಗೆ ನೆನೆದು ಒಣಗಿದವು, ಅರ್ಧ ಅಳಿಸಿದವು. ಅವುಗಳನ್ನು ದಾಖಲಿಸುವ ಹಳಿಯಾಳದ ಹುಡುಗ ಒಂದು ದಿನ ಬಂದು, “ಸರ್, ಇದು ಸೆಂಟ್ರಲ್ ಆಫ್ರಿಕನ್ ರಿಪಬ್ಲಿಕ್ ಅಂತ ತೋರಸಾಕತ್ತೈತ್ರಿ. ಸಾಹೇಬ್ರು ಅಲ್ಲಿಗೂ ಹೋಗಿದ್ರೇನ್ರಿ?” ಎಂದು ಕೇಳಿದ. ಹೋಗಿರಲಿಲ್ಲ. ಅಲ್ಲಿ ನಮಗೆ ವ್ಯವಹಾರವೇ ಇಲ್ಲ.

ರಸೀದಿಯಲ್ಲಿ ಕೈಬರಹದಲ್ಲಿ ಇದ್ದದ್ದು ‘F CFA 48.500’ ಎಂದು. ಹುಡುಗ ಕರೆನ್ಸಿಯ ಅಂಕಣದಲ್ಲಿ CFA ಎಂದು ತುಂಬಿದ್ದ. ಅದು ಮೂರಕ್ಷರವಾದ್ದರಿಂದ ಎಕ್ಸೆಲ್ ತಕರಾರು ಎತ್ತಲಿಲ್ಲ. ದೇಶದ ಅಂಕಣದಲ್ಲಿ ನಾನೇ ಹಿಂದೊಮ್ಮೆ ಬರೆದಿಟ್ಟಿದ್ದ ಸೂತ್ರ ಹೀಗಿತ್ತು:

```
=LEFT(A2,2)
```

CFA ಎಂಬುದರಿಂದ ಅದು CF ಎಂಬೆರಡು ಅಕ್ಷರಗಳನ್ನು ಕತ್ತರಿಸಿ ತೆಗೆಯಿತು. ದುರದೃಷ್ಟಕ್ಕೆ CF ಎಂಬ ದೇಶ ಕೋಡ್ ನಿಜವಾಗಿಯೂ ಇದೆ, ಅದು ಮಧ್ಯ ಆಫ್ರಿಕಾ ಗಣರಾಜ್ಯದ್ದು. ಇನ್ನೂ ದುರದೃಷ್ಟವೆಂದರೆ ಆ ದೇಶದಲ್ಲಿ ನಡೆಯುವುದೂ ಒಂದು ಬಗೆಯ ಸಿಎಫ್‌ಎ ಫ್ರಾಂಕೇ. ತಪ್ಪು ಉತ್ತರ ಇಷ್ಟು ಸಲೀಸಾಗಿ ಹೊಂದಿಕೊಂಡಾಗ ಯಾವ ತಂತ್ರಾಂಶವೂ ಎಚ್ಚರಿಸುವುದಿಲ್ಲ. ಪ್ರವಾಸದ ದಾರಿ ಗೊತ್ತಿದ್ದ ಮನುಷ್ಯನಿಗೆ ಮಾತ್ರ ಅದು ಕಾಣಿಸಿತು.

ಮೊದಲು ನೋಡಬೇಕಾದದ್ದು, ಬರೆದಿರುವ ಮೂರಕ್ಷರ ಮಾನಕದ ಪಟ್ಟಿಯಲ್ಲಿ ಇದೆಯೇ ಎಂಬುದನ್ನು. CFA ಇಲ್ಲ. ಅದು ರಸೀದಿ ಬರೆಯುವವರ ರೂಢಿಯ ಹೆಸರು, ನಮ್ಮ ಅಂಗಡಿಯವರು ‘ರೂ.’ ಎಂದು ಬರೆದಂತೆ. ಚೀನಾದ ಯುವಾನಿಗೆ RMB, ಇಸ್ರೇಲಿನ ಶೆಕೆಲಿಗೆ NIS ಎಂದು ಬರೆಯುವುದೂ ಇದೇ ವರ್ಗದ್ದು. ಮಾನಕದಲ್ಲಿ ಅವು CNY ಮತ್ತು ILS. ಬಿಟ್‌ಕಾಯಿನ್ನಿಗೆ ಬಳಸುವ BTCಯನ್ನು ಇದೇ ಸೂತ್ರಕ್ಕೆ ಕೊಟ್ಟರೆ ಅದು ಭೂತಾನ್ ಎನ್ನುತ್ತದೆ, ಏಕೆಂದರೆ BT ಭೂತಾನಿನ ಕೋಡ್. ಭೂತಾನಿನ ನಿಜವಾದ ಹಣ BTN.

ಎರಡನೆಯದಾಗಿ ಮೊತ್ತ. ‘48.500’ ಎಂಬಲ್ಲಿನ ಚುಕ್ಕೆ ದಶಾಂಶದ್ದೋ ಸಾವಿರದ್ದೋ? ಸಿಎಫ್‌ಎ ಫ್ರಾಂಕಿಗೆ ಚಲಾವಣೆಯಲ್ಲಿ ಪೈಸೆಯಿಲ್ಲ, ಮಾನಕದಲ್ಲೂ ಅದರ ದಶಾಂಶ ಸ್ಥಾನ ಸೊನ್ನೆ. ಹಾಗಾಗಿ ಚುಕ್ಕೆ ಸಾವಿರದ್ದೇ, ಮೊತ್ತ 48,500. ಕುವೈತ್ ದಿನಾರಿನಲ್ಲಿ ಇದೇ ಬರಹ ಬಂದಿದ್ದರೆ ತೀರ್ಮಾನ ತಲೆಕೆಳಗಾಗುತ್ತಿತ್ತು; KWDಗೆ ಮೂರು ದಶಾಂಶ ಸ್ಥಾನಗಳಿರುವುದರಿಂದ 48.500 ಎಂದರೆ ನಲವತ್ತೆಂಟೂವರೆ ದಿನಾರ್. ಲೆಕ್ಕ ಹಾಕಿಯೂ ನೋಡಬಹುದು. ಸಿಎಫ್‌ಎ ಫ್ರಾಂಕ್ 1 ಯೂರೋಗೆ 655.957ರಂತೆ ಸ್ಥಿರವಾಗಿದೆ, ಆದ್ದರಿಂದ 48,500 ಫ್ರಾಂಕಿಗೆ 73.94 ಯೂರೋ. ಬಾಡಿಗೆ ಜೀಪಿನ ಡೀಸೆಲ್ಲಿಗೆ ಅದು ನಂಬುವಂಥ ಮೊತ್ತ. ಚುಕ್ಕೆಯನ್ನು ದಶಾಂಶವೆಂದುಕೊಂಡರೆ ಏಳು ಸೆಂಟ್ ಆಗುತ್ತದೆ. ಅಷ್ಟಕ್ಕೆ ಜೀಪು ಹಾಗಿರಲಿ, ಒಂದು ಚಹಾ ಬರುವುದಿಲ್ಲ. ಆದರೆ ಇಲ್ಲೊಂದು ಮಿತಿಯನ್ನು ಗಮನಿಸಬೇಕು. XOF ಮತ್ತು XAF ಎರಡರ ದರವೂ ಯೂರೋಗೆ ಅಷ್ಟೇ ಆಗಿರುವುದರಿಂದ, ಸೌದಿಯ ಪ್ರಕರಣದಲ್ಲಿ ನೆರವಾದ ಮೊತ್ತದ ಪರೀಕ್ಷೆ ಈ ಎರಡನ್ನು ಬೇರ್ಪಡಿಸಲಾರದು.

ಮೂರನೆಯದಾಗಿ ಭಾಷೆ. ಹಿಂದಿನ ದಿನದ ರಸೀದಿಗಳೆಲ್ಲ ಫ್ರೆಂಚಿನಲ್ಲಿದ್ದವು. ಇದರ ತಲೆಯ ಮೇಲೆ ‘Recibo’ ಎಂದೂ ಸಾಲಿನಲ್ಲಿ ‘gasóleo’ ಎಂದೂ ಇತ್ತು. ನಮ್ಮ ಮಾಲೀಕರ ತಂದೆಯವರು ಪೋರ್ಚುಗೀಸರ ಕಾಲದ ಗೋವೆಯಲ್ಲಿ ಶಾಲೆಗೆ ಹೋದವರು, ಈಗಲೂ ಸಂಜೆ ಕಚೇರಿಗೆ ಬಂದು ಅರ್ಧ ಗಂಟೆ ಕುಳಿತು ಹೋಗುತ್ತಾರೆ. ರಸೀದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಮೇಲೆತ್ತಿ, ‘ಇದು ಪೋರ್ಚುಗೀಸ್, ಡೀಸೆಲ್ ಹಾಕಿಸಿದ ರಸೀದಿ’ ಎಂದು ಒಂದೇ ಮಾತಿನಲ್ಲಿ ಹೇಳಿದರು. XOF ಬಳಸುವ ಎಂಟು ದೇಶಗಳಲ್ಲಿ ಪೋರ್ಚುಗೀಸ್ ಆಡಳಿತ ಭಾಷೆಯಾಗಿರುವುದು ಗಿನಿ-ಬಿಸ್ಸಾವ್ ಒಂದರಲ್ಲಿ ಮಾತ್ರ.

ಕೊನೆಯದಾಗಿ ಫೋನ್ ಸಂಖ್ಯೆ. ರಸೀದಿಯ ಕೆಳಗೆ ಅರ್ಧ ಅಳಿಸಿದ ಮೊಹರಿನಲ್ಲಿ +245 ಎಂಬಷ್ಟು ಭಾಗ ಓದುವಂತಿತ್ತು. ಅದು ಗಿನಿ-ಬಿಸ್ಸಾವಿನ ಸಂಖ್ಯೆಯೇ. ಮಧ್ಯ ಆಫ್ರಿಕಾ ಗಣರಾಜ್ಯದ್ದು +236. ಎರಡು ಸ್ವತಂತ್ರ ಗುರುತುಗಳು ಒಂದೇ ಕಡೆ ಬೆರಳು ತೋರಿಸಿದ ಮೇಲೆ ಕರೆನ್ಸಿ XOF, ದೇಶ GW ಎಂದು ಕೈಯಾರೆ ತುಂಬಿದೆವು. ಒಂದೇ ಗುರುತಿದ್ದಿದ್ದರೆ ಹಾಗೆ ಮಾಡುತ್ತಿರಲಿಲ್ಲ.

ಪಕ್ಕದ ದೇಶವಾದ ಗಿನಿಯ ಹೆಸರನ್ನು ಇದರೊಂದಿಗೆ ಬೆರೆಸಬಾರದು. ಅದಕ್ಕೆ ತನ್ನದೇ ಆದ GNF ಎಂಬ ಫ್ರಾಂಕ್ ಇದೆ, ಅದು ನಿಯಮವನ್ನು ಅಚ್ಚುಕಟ್ಟಾಗಿ ಪಾಲಿಸುತ್ತದೆ. ಈಕ್ವಟೋರಿಯಲ್ ಗಿನಿಯದ್ದು XAF. ಹೆಸರಿನಲ್ಲಿ ಗಿನಿ ಇರುವ ಆಫ್ರಿಕಾದ ಮೂರು ದೇಶಗಳಿಗೆ ಮೂರು ಬೇರೆ ಬೇರೆ ಕರೆನ್ಸಿ ಕೋಡ್‌ಗಳು.

ಪ್ರವಾಸಿಗರ ಬಳಿ ಉಳಿದ ನೋಟು ಸಿಕ್ಕರೆ ಅದರಲ್ಲೂ ಒಂದು ಸುಳಿವಿದೆ. ಪಶ್ಚಿಮ ಆಫ್ರಿಕಾದ ಸಿಎಫ್‌ಎ ನೋಟುಗಳಲ್ಲಿ ಯಾವ ದೇಶಕ್ಕಾಗಿ ಹೊರಡಿಸಿದ್ದೆಂದು ತಿಳಿಸುವ ಒಂದು ಅಕ್ಷರವಿರುತ್ತದೆ. A ಎಂದರೆ ಐವರಿ ಕೋಸ್ಟ್, B ಬೆನಿನ್, S ಗಿನಿ-ಬಿಸ್ಸಾವ್. ಆದರೆ ನೋಟು ಎಂಟೂ ದೇಶಗಳಲ್ಲಿ ಓಡಾಡುತ್ತದೆ, ಬಿಸ್ಸಾವಿನ ಅಂಗಡಿಯಲ್ಲಿ ಚಿಲ್ಲರೆಯಾಗಿ A ಅಕ್ಷರದ ನೋಟು ಬರುವುದು ಸಹಜ. ಆದ್ದರಿಂದ ಅದನ್ನು ಕುತೂಹಲಕ್ಕೆ ನೋಡಬಹುದೇ ಹೊರತು ಖರ್ಚು ಎಲ್ಲಾಯಿತೆಂಬುದಕ್ಕೆ ಸಾಕ್ಷಿಯಾಗಿ ವೋಚರಿಗೆ ಅಂಟಿಸಬಾರದು.

ಅಂದು ಸಂಜೆಯೇ ಸೂತ್ರವನ್ನು ಬದಲಿಸಿದೆ. ಈಗ ಅದು ಮೊದಲು ಕೋಡ್ ಪಟ್ಟಿಯಲ್ಲಿದೆಯೇ ಎಂದು ನೋಡುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. X ಇದ್ದರೆ ಮನುಷ್ಯರನ್ನು ಕೇಳು ಎನ್ನುತ್ತದೆ. ಆಮೇಲೆ ಮಾತ್ರ ಎರಡಕ್ಷರ ಕತ್ತರಿಸುತ್ತದೆ:

```
=IF(COUNTIF(Codes!A:A,A2)=0,"STOP",
 IF(LEFT(A2,1)="X","ASK",LEFT(A2,2)))
```

Codes ಎಂಬ ಹಾಳೆಯಲ್ಲಿ ಚಾಲ್ತಿಯಲ್ಲಿರುವ ಕೋಡ್‌ಗಳ ಪಟ್ಟಿ ಇರಬೇಕು. ಮಾನಕದ ಪರವಾಗಿ ಆ ಪಟ್ಟಿಯನ್ನು ನಿರ್ವಹಿಸುವ ಸ್ವಿಟ್ಜರ್ಲೆಂಡಿನ ಸಿಕ್ಸ್ ಸಂಸ್ಥೆ ಅದನ್ನು ಉಚಿತವಾಗಿ ಪ್ರಕಟಿಸುತ್ತದೆ; ರದ್ದಾದ ಕೋಡ್‌ಗಳ ಪಟ್ಟಿಯೂ ಅಲ್ಲೇ ಪ್ರತ್ಯೇಕವಾಗಿ ಸಿಗುತ್ತದೆ. ಎರಡನ್ನೂ ಒಂದೇ ಹಾಳೆಗೆ ಸುರಿದರೆ ಸೂತ್ರದ ಕಾವಲು ವ್ಯರ್ಥವಾಗುತ್ತದೆ. ಅದು ಹೇಗೆಂಬುದು ಮುಂದಿನ ಲಕ್ಷಣದಲ್ಲಿದೆ.

ಲಕ್ಷಣ: ದೇಶ ಸರಿಯಿದೆ, ಮೊತ್ತ ಸಾವಿರಪಟ್ಟು ಅಥವಾ ಹತ್ತು ಸಾವಿರಪಟ್ಟು ಹೆಚ್ಚಾಗಿದೆ

ಹಳೆಯ ಕಡತಗಳನ್ನು ಬಿಚ್ಚಿದಾಗ ಇದು ಕಾಣುತ್ತದೆ. ಹಣದುಬ್ಬರ ಮಿತಿಮೀರಿದಾಗ ಕೆಲವು ದೇಶಗಳು ನೋಟಿನ ಸೊನ್ನೆಗಳನ್ನು ಕತ್ತರಿಸಿ ಹೊಸ ನಾಣ್ಯ ತರುತ್ತವೆ. ದೇಶ ಅದೇ ಆದ್ದರಿಂದ ಮೊದಲ ಎರಡಕ್ಷರ ಉಳಿಯುತ್ತದೆ, ಮೂರನೆಯದು ಮಾತ್ರ ಬದಲಾಗುತ್ತದೆ. ಘಾನಾ 2007ರಲ್ಲಿ 10,000 ಹಳೆಯ ಸೇಡಿಗೆ 1 ಹೊಸ ಸೇಡಿ ಮಾಡಿದಾಗ GHC ಹೋಗಿ GHS ಬಂತು. ಮೊಜಾಂಬಿಕ್ 2006ರಲ್ಲಿ 1,000ಕ್ಕೆ 1 ಮಾಡಿದಾಗ MZM ಹೋಗಿ MZN ಬಂತು. ಎರಡೂ ಗೇರುಬೀಜ ಬೆಳೆಯುವ ದೇಶಗಳು, ಎರಡರ ಹಳೆಯ ಕಾಗದಗಳೂ ನಮ್ಮ ಕಪಾಟಿನಲ್ಲಿವೆ.

ಇಲ್ಲಿ ಎರಡಕ್ಷರದ ನಿಯಮ ದೇಶವನ್ನು ಸರಿಯಾಗಿಯೇ ಹೇಳಿ ನಮ್ಮನ್ನು ನಿಶ್ಚಿಂತರನ್ನಾಗಿಸುತ್ತದೆ, ಅದೇ ತೊಡಕು. ಹಳೆಯ ಕಡತದ 50,00,000 GHC ಎಂದರೆ ಇಂದಿನ 500 GHS ಮಾತ್ರ. ಯಾರಾದರೂ ‘ಕೋಡ್ ಹಳೆಯದಾಯಿತು, ಹೊಸದು ಹಾಕೋಣ’ ಎಂದು ಅಕ್ಷರವನ್ನಷ್ಟೇ ತಿದ್ದಿ ಅಂಕಿಯನ್ನು ಹಾಗೇ ಬಿಟ್ಟರೆ ಐನೂರು ಸೇಡಿ ಐವತ್ತು ಲಕ್ಷ ಸೇಡಿಯಾಗಿ ಕುಳಿತಿರುತ್ತದೆ. ಹಳೆಯ ಕಾಗದದ ಕೋಡನ್ನು ತಿದ್ದಬೇಡಿ. ಹಳೆಯ ಕೋಡ್, ಹಳೆಯ ಮೊತ್ತ ಎರಡನ್ನೂ ಇದ್ದಂತೆ ಇಟ್ಟು ಪಕ್ಕದ ಅಂಕಣದಲ್ಲಿ ಪರಿವರ್ತಿಸಿದ ಮೊತ್ತ ಬರೆಯಿರಿ.

ನಾಣ್ಯವನ್ನೇ ಬಿಟ್ಟುಕೊಟ್ಟ ದೇಶಗಳದ್ದು ಬೇರೆ ಕಥೆ. ಕ್ರೊವೇಷಿಯಾ 2023ರ ಜನವರಿಯಲ್ಲಿ ಯೂರೋಗೆ ಸೇರಿದ್ದರಿಂದ HRK ನಿಂತುಹೋಯಿತು. ಅದರ ನಂತರದ ದಿನಾಂಕವಿರುವ ಇನ್‌ವಾಯ್ಸ್‌ನಲ್ಲಿ HRK ಕಂಡರೆ ಕಳಿಸಿದವರನ್ನೇ ಕೇಳಬೇಕು.

ಲಕ್ಷಣ: ಕೋಡ್ ಸರಿ, ಆದರೆ ಹಣ ಬಂದದ್ದು ಬೇರೆಲ್ಲಿಂದಲೋ

ಕೋಡ್ ಹೇಳುವುದು ಹಣವನ್ನು ಹೊರಡಿಸಿದವರು ಯಾರು ಎಂಬುದನ್ನು. ಪಾವತಿ ಎಲ್ಲಿಂದ ಬಂತು ಎಂಬುದನ್ನಲ್ಲ. ನಮ್ಮ ದುಬೈ ಗಿರಾಕಿಗಳು ಡಾಲರಿನಲ್ಲೇ ಕೊಡುತ್ತಾರೆ, USD ಎಂದಿರುವ ಮಾತ್ರಕ್ಕೆ ಅವರನ್ನು ಅಮೆರಿಕದ ಅಂಕಣಕ್ಕೆ ಹಾಕಿದರೆ ದೇಶವಾರು ಮಾರಾಟದ ವರದಿಯೇ ಹಾಳು. ಈಕ್ವೆಡಾರ್, ಎಲ್ ಸಾಲ್ವಡಾರ್‌ಗಳಲ್ಲಂತೂ ದೇಶದೊಳಗೆ ನಡೆಯುವುದೇ ಅಮೆರಿಕದ ಡಾಲರ್. EUR ಇನ್ನೂ ಅಸ್ಪಷ್ಟ: EU ಎಂಬುದು ದೇಶವಲ್ಲದ, ವಿಶೇಷವಾಗಿ ಕಾದಿರಿಸಿದ ಜೋಡಿ, ಮತ್ತು 2026ರ ಜನವರಿಯಲ್ಲಿ ಬಲ್ಗೇರಿಯಾ ಸೇರಿದ ಮೇಲೆ ಆ ಹಣ 21 ದೇಶಗಳದ್ದು. ಮೇಲಿನ ಸೂತ್ರ ಇದಕ್ಕೆ EU ಎಂದೇ ಬರೆದು ಮುಗಿಸುತ್ತದೆ, ಆದ್ದರಿಂದ EUR ಸಾಲುಗಳನ್ನು ಪ್ರತಿ ತಿಂಗಳೂ ನಾವು ಕೈಯಿಂದಲೇ ನೋಡುತ್ತೇವೆ.

ದೇಶ ಬೇಕಿದ್ದರೆ ಬ್ಯಾಂಕಿನ ಗುರುತಿನ ಕಡೆಗೆ ತಿರುಗಬೇಕು. ಕಳಿಸಿದ ಬ್ಯಾಂಕಿನ ಬಿಐಸಿ ಕೋಡಿನಲ್ಲಿ ಐದು ಮತ್ತು ಆರನೆಯ ಅಕ್ಷರಗಳು ದೇಶದವು. ಭಾರತೀಯ ಸ್ಟೇಟ್ ಬ್ಯಾಂಕಿನ SBININBB ಎಂಬುದರಲ್ಲಿ SBIN ಆದ ಮೇಲೆ ಬರುವ IN ಅದೇ. ಐಬಿಎಎನ್ ಖಾತೆ ಸಂಖ್ಯೆಯಿದ್ದರೆ ಅದರ ಮೊದಲ ಎರಡು ಅಕ್ಷರಗಳೇ ದೇಶ. DE ಇದ್ದರೆ ಜರ್ಮನಿ, NL ಇದ್ದರೆ ನೆದರ್‌ಲ್ಯಾಂಡ್ಸ್. ಇದೂ ಖಾತೆ ಇರುವ ದೇಶವೇ ಹೊರತು ಗಿರಾಕಿಯ ದೇಶವಾಗಿರಲೇಬೇಕೆಂದಿಲ್ಲ. ಗಿರಾಕಿಯ ದೇಶಕ್ಕೆ ಒಪ್ಪಂದದಲ್ಲಿರುವ ವಿಳಾಸವೇ ಆಧಾರ.

ಎಲ್ಲಿ ಕೈ ಬಿಡಬೇಕು

ಒಂದೇ ಅಕ್ಷರದ ವ್ಯತ್ಯಾಸದಿಂದ ನಿರ್ಬಂಧಕ್ಕೊಳಗಾದ ದೇಶದ ಮೇಲೆ ಬೆರಳು ಹೋಗುವಂತಿದ್ದರೆ ಅಲ್ಲಿ ಊಹೆಗೆ ಜಾಗವಿಲ್ಲ. KRW ದಕ್ಷಿಣ ಕೊರಿಯಾ, KPW ಉತ್ತರ ಕೊರಿಯಾ. INR ನಮ್ಮದು, IRR ಇರಾನಿನದು. ಇಂಥ ಕೋಡ್ ಮಸುಕಾಗಿ ಮುದ್ರಣವಾಗಿದ್ದರೆ ಓದಲು ಕಣ್ಣು ಕಿರಿದು ಮಾಡುವ ಬದಲು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗಕ್ಕೆ ಮೂಲ ಸಂದೇಶದ ಪ್ರತಿ ಕೇಳಿ. ಪಾವತಿಯ ಆದೇಶ ಇನ್ನೂ ಹೊರಡದಿದ್ದರೆ ತಡೆಹಿಡಿಯಿರಿ. ಹೊರಟುಹೋಗಿದ್ದರೆ ನೀವೇ ತಿದ್ದುಪಡಿಯ ಎರಡನೆಯ ಆದೇಶ ಕಳಿಸಲು ಹೋಗಬೇಡಿ. ಎರಡೂ ಜಾರಿಯಾದರೆ ಹಣ ಎರಡು ಸಲ ಹೋಗುತ್ತದೆ.

ಬ್ಯಾಂಕಿಗೋ ಕಸ್ಟಮ್ಸ್‌ಗೋ ಸಲ್ಲಿಸುವ ಕಾಗದದಲ್ಲಿ ದೇಶದ ಹೆಸರನ್ನು ಕರೆನ್ಸಿ ಕೋಡಿನಿಂದ ಊಹಿಸಿ ಬರೆಯಲೇಬಾರದು. ಆ ಊಹೆ ನಮ್ಮ ಒಳಗಿನ ವಿಂಗಡಣೆಗಷ್ಟೇ. ಹಾಗೆಯೇ, ‘ಇದು ಯಾವ ದೇಶ?’ ಎಂದು ಕೇಳಲು ರವಾನೆ ಚೀಟಿಯ ಇಡೀ ಚಿತ್ರವನ್ನು ವಾಟ್ಸಾಪ್ ಗುಂಪಿಗೆ ಹಾಕುವವರನ್ನು ಕಂಡಿದ್ದೇನೆ. ಖಾತೆ ಸಂಖ್ಯೆ, ಗಿರಾಕಿಯ ಹೆಸರು, ಸಹಿ ಎಲ್ಲವೂ ಅದರಲ್ಲಿರುತ್ತವೆ. ಕೇಳಲೇಬೇಕಿದ್ದರೆ ಮೂರಕ್ಷರವನ್ನು ಬೆರಳಚ್ಚಿಸಿ ಕೇಳಿದರೆ ಸಾಕಾಗುತ್ತದೆ.

ರಸೀದಿಯಲ್ಲಿ ಫೋನ್ ಸಂಖ್ಯೆಯೂ ಊರೂ ಹರಿದುಹೋಗಿದ್ದು ಬರೀ ‘F CFA’ ಉಳಿದಿದ್ದರೆ, ಆ ದಿನಾಂಕದಂದು ಖರೀದಿಯವರು ಎಲ್ಲಿದ್ದರೆಂದು ಅವರ ಪಾಸ್‌ಪೋರ್ಟಿನ ಮುದ್ರೆ ನೋಡಿ ತುಂಬುತ್ತೇವೆ. ಅದೂ ಹೊಂದದಿದ್ದರೆ ದೇಶದ ಅಂಕಣ ಖಾಲಿ ಇರುತ್ತದೆ. ಈ ವರ್ಷದ ಕವರಿನಲ್ಲಿ ಅಂಥವು ಎರಡು ಉಳಿದಿವೆ. ಹಳಿಯಾಳದ ಹುಡುಗ ಅವುಗಳಿಗೆ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬೇರೆ ಕ್ಲಿಪ್ಪಿಗೆ ಸಿಕ್ಕಿಸಿಟ್ಟಿದ್ದಾನೆ.